ಅಸಲೋ, ಗಿಟ್ಟುವ ಬೆಲೆಯೋ?

ಮಾರ್ಚ್ 31ರ ರಾತ್ರಿ ಬಟ್ಟೆ ಅಂಗಡಿಗಳಲ್ಲಿ ಶಟರ್ ಅರ್ಧ ಎಳೆದುಕೊಂಡು ಸ್ಟಾಕ್ ಎಣಿಸುತ್ತಾರೆ. ಒಬ್ಬರು ಕಪಾಟಿನಿಂದ ಸೀರೆ ಇಳಿಸುತ್ತಾರೆ, ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಎಣಿಕೆ ಬೇಸರದ ಕೆಲಸವೇ ಹೊರತು ಕಷ್ಟದ ಕೆಲಸವಲ್ಲ. ಕಷ್ಟ ಶುರುವಾಗುವುದು ಮರುದಿನ, ಬರೆದುಕೊಂಡ ಪಟ್ಟಿಯ ಪಕ್ಕದಲ್ಲಿ ಬೆಲೆ ಹಾಕಲು ಕೂತಾಗ. ಎಷ್ಟಕ್ಕೆ ಕೊಂಡೆವೋ ಅಷ್ಟು ಬರೆಯಬೇಕೇ? ಟ್ಯಾಗಿನ ಮೇಲಿರುವಷ್ಟು ಬರೆಯಬೇಕೇ? ಇವತ್ತು ಮಾರಿದರೆ ಬರುವಷ್ಟು ಬರೆಯಬೇಕೇ?

ಲೆಕ್ಕಶಾಸ್ತ್ರ ಇದಕ್ಕೆ ಕೊಟ್ಟಿರುವ ಉತ್ತರ ಚಿಕ್ಕದು. ಸರಕಿನ ಅಸಲು ಎಷ್ಟೆಂದು ನೋಡಿ. ಅದನ್ನು ಮಾರಿ, ಮಾರುವ ಖರ್ಚು ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಎಷ್ಟೆಂದೂ ನೋಡಿ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬರೆಯಿರಿ. ಎರಡನೆಯದಕ್ಕೆ ವಾಣಿಜ್ಯ ಪುಸ್ತಕಗಳು ನಿವ್ವಳ ವಸೂಲಾತಿ ಮೌಲ್ಯ ಎಂಬಂಥ ಭಾರದ ಹೆಸರಿಟ್ಟಿವೆ. ಆಡಿಟರುಗಳು ಎನ್‌ಆರ್‌ವಿ ಎನ್ನುತ್ತಾರೆ. ಪೇಟೆಯವರ ಮಾತಿನಲ್ಲಿ ಅದು ಗಿಟ್ಟುವ ಬೆಲೆ. ಭಾರತದ ಲೆಕ್ಕಪತ್ರ ಮಾನದಂಡ ಎಎಸ್-2, ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್-2, ಆದಾಯ ತೆರಿಗೆಗಾಗಿ 2017-18ನೇ ಅಸೆಸ್‌ಮೆಂಟ್ ವರ್ಷದಿಂದ ಬಂದ ಐಸಿಡಿಎಸ್-2, ಈ ಮೂರೂ ಹೇಳುವುದು ಇದನ್ನೇ.

ನಿಯಮ ಹೊಸದೇನಲ್ಲ. ಫ್ರಾನ್ಸಿನಲ್ಲಿ ವ್ಯಾಪಾರಿಯಾಗಿದ್ದ ಜಾಕ್ ಸವಾರಿ 1675ರಲ್ಲಿ ವರ್ತಕರಿಗಾಗಿ ಬರೆದ ಪುಸ್ತಕದಲ್ಲಿಯೇ, ಹಾಳಾಗತೊಡಗಿದ ಮತ್ತು ಫ್ಯಾಷನ್ ತಪ್ಪಿದ ಸರಕಿನ ಬೆಲೆಯನ್ನು ಪಟ್ಟಿಯಲ್ಲಿ ಇಳಿಸಿ ಬರೆಯುವಂತೆ ಹೇಳಿದ್ದ. ಹಾಗಿದ್ದರೂ ಪ್ರತಿ ಏಪ್ರಿಲ್‌ನಲ್ಲಿ ಅಂಗಡಿಯವರಿಗೂ ಆಡಿಟರಿಗೂ ನಡುವೆ ಅದೇ ಜಗ್ಗಾಟ ನಡೆಯುತ್ತದೆ. "ಸರ್, ಸಾವಿರ ರೂಪಾಯಿ ಕೊಟ್ಟು ತಂದಿರೋ ಸೀರೆ, ಆರುನೂರು ಅಂತ ಹೆಂಗೆ ಬರೀಲಿ?" ಎನ್ನುತ್ತಾರೆ ಅಂಗಡಿಯವರು. "ನೀವು ಕೊಟ್ಟಿದ್ದು ಸಾವಿರ ಸಾಹುಕಾರ್ರೆ, ಈಗ ನಿಮಗೆ ಕೊಡೋರು ಯಾರು ಹೇಳಿ" ಎನ್ನುತ್ತಾರೆ ಆಡಿಟರ್. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಅದನ್ನು ಒಂದು ಲೆಕ್ಕದ ಮೂಲಕವೇ ನೋಡಬೇಕು.

ದಾವಣಗೆರೆಯಂಥ ಊರಿನಲ್ಲಿ ಇಬ್ಬರು ಪಾಲುದಾರರ ಒಂದು ಸೀರೆ ಅಂಗಡಿ ಇದೆ ಎಂದುಕೊಳ್ಳೋಣ. ಅಂಗಡಿಯೂ ಅಂಕಿಗಳೂ ಕಲ್ಪನೆಯವು, ಲೆಕ್ಕದ ಕ್ರಮ ಮಾತ್ರ ನಿಜವಾದದ್ದು. ವರ್ಷದ ಆರಂಭದಲ್ಲಿ 12 ಲಕ್ಷ ರೂಪಾಯಿಯ ಸರಕಿತ್ತು. ವರ್ಷದಲ್ಲಿ 60 ಲಕ್ಷದ ಖರೀದಿ, 74 ಲಕ್ಷದ ಮಾರಾಟ. ವರ್ಷದ ಕೊನೆಗೆ ಮೂರು ಬಗೆಯ ಸೀರೆಗಳು ಉಳಿದಿವೆ. ಇಳಕಲ್ ಸೀರೆ 200, ಒಂದಕ್ಕೆ ಅಸಲು 2,000 ರೂಪಾಯಿ. ಮದುವೆಯ ರೇಷ್ಮೆ ಸೀರೆ 50, ಒಂದಕ್ಕೆ 10,000. ದೀಪಾವಳಿಗೆಂದು ತರಿಸಿದ ಫ್ಯಾನ್ಸಿ ಸೀರೆ 500, ಒಂದಕ್ಕೆ 1,000. ಅಸಲಿನ ಲೆಕ್ಕದಲ್ಲಿ ಕ್ರಮವಾಗಿ 4 ಲಕ್ಷ, 5 ಲಕ್ಷ, 5 ಲಕ್ಷ. ಒಟ್ಟು 14 ಲಕ್ಷ.

ಈ 14 ಲಕ್ಷ ಲೆಕ್ಕದಲ್ಲಿ ಎರಡು ಕಡೆ ಕಾಣಿಸಿಕೊಳ್ಳುತ್ತದೆ. ವ್ಯಾಪಾರ ಖಾತೆಯಲ್ಲಿ ಮಾರಾಟದ ಕೆಳಗೆ ಜಮಾ ಬದಿಯಲ್ಲಿ ಒಮ್ಮೆ, ಆಸ್ತಿ ಜವಾಬ್ದಾರಿ ಪಟ್ಟಿಯಲ್ಲಿ ಆಸ್ತಿಯಾಗಿ ಇನ್ನೊಮ್ಮೆ. ಮಾರಾಟ 74, ಅಂತಿಮ ಸರಕು 14, ಕೂಡಿಸಿದರೆ 88 ಲಕ್ಷ. ಅದರಲ್ಲಿ ಆರಂಭದ ಸರಕು ಮತ್ತು ಖರೀದಿ ಸೇರಿ 72 ಲಕ್ಷ ಕಳೆದರೆ ಒಟ್ಟು ಲಾಭ 16 ಲಕ್ಷ. ಬಾಡಿಗೆ, ಸಂಬಳ, ಕರೆಂಟು ಎಂದು 10 ಲಕ್ಷ ಖರ್ಚಾಗಿದ್ದರೆ ನಿವ್ವಳ ಲಾಭ 6 ಲಕ್ಷ, ತಲೆಗೆ 3 ಲಕ್ಷ.

ಉಳಿದ ಸರಕಿಗೆ ನಾವು ಬರೆಯುವ ಒಂದೊಂದು ರೂಪಾಯಿಯೂ ನೇರವಾಗಿ ಲಾಭಕ್ಕೆ ಹೋಗಿ ಕೂರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. 14 ಲಕ್ಷವನ್ನು 15 ಎಂದು ಬರೆದರೆ ಒಂದು ಸೀರೆಯನ್ನೂ ಹೆಚ್ಚಿಗೆ ಮಾರದೆ ಲಾಭ ಒಂದು ಲಕ್ಷ ಏರುತ್ತದೆ. ಮಾರಾಟದ ಅಂಕಿಗೆ ಬಿಲ್ಲಿನ ಸಾಕ್ಷಿ ಇದೆ, ಖರೀದಿಗೂ ಇದೆ. ಅಂತಿಮ ಸರಕಿನ ಬೆಲೆಗೆ ಮಾತ್ರ ಬರೆಯುವವನ ತೀರ್ಮಾನವೇ ಆಧಾರ. ಲಾಭವನ್ನು ಹಿಗ್ಗಿಸಬೇಕೆನ್ನುವವರೂ ಕುಗ್ಗಿಸಬೇಕೆನ್ನುವವರೂ ಮೊದಲು ಕೈ ಹಾಕುವುದು ಈ ಸಾಲಿಗೇ.

ಈಗ ಫ್ಯಾನ್ಸಿ ಸೀರೆಗಳ ವಿಷಯಕ್ಕೆ ಬರೋಣ. ಅವುಗಳ ಅಸಲು 1,000 ಎಂದು ಬಂದದ್ದು ಹೇಗೆ? ಡಿಸ್ಕೌಂಟ್ ಕಳೆದು ಬಿಲ್ಲಿನ ಬೆಲೆ 975, ಲಾರಿ ಬಾಡಿಗೆ ಮತ್ತು ಹಮಾಲಿ 25. ಸರಕನ್ನು ಅಂಗಡಿಯವರೆಗೆ ತಂದು ಮಾರುವ ಸ್ಥಿತಿಗೆ ಇಡಲು ತಗುಲಿದ್ದಷ್ಟೇ ಅಸಲು. ವಾಪಸು ಸಿಗುವ ಜಿಎಸ್‌ಟಿ ಮಾನದಂಡದ ಪ್ರಕಾರ ಅಸಲಿಗೆ ಸೇರುವುದಿಲ್ಲ. ಅಂಗಡಿಯ ಬಾಡಿಗೆ, ಸೇಲ್ಸ್‌ಮನ್ ಸಂಬಳ, ಜಾಹೀರಾತು ಕೂಡ ಸೇರುವುದಿಲ್ಲ. ಎಷ್ಟೋ ಕಡೆ ಆರು ತಿಂಗಳು ಮಾರಾಟವಾಗದೆ ಉಳಿದ ಸರಕಿನ ಮೇಲೆ ಬ್ಯಾಂಕ್ ಬಡ್ಡಿಯನ್ನೂ ಹೊರಿಸಿ "ಈಗ ನನಗಿದು 1,060 ಬಿದ್ದಿದೆ" ಎನ್ನುತ್ತಾರೆ. ಮನಸ್ಸಿನ ಲೆಕ್ಕಕ್ಕೆ ಅದು ಸರಿ ಇರಬಹುದು. ಖಾತೆಯ ಲೆಕ್ಕದಲ್ಲಿ ಆ ಅರುವತ್ತು ರೂಪಾಯಿ ಆಯಾ ತಿಂಗಳ ಬಡ್ಡಿ ಖರ್ಚೇ ಹೊರತು ಸೀರೆಯ ಬೆಲೆಯಲ್ಲ.

ಹೀಗೆ ಸಾವಿರದಲ್ಲಿ ಬಂದ ಸೀರೆಗೆ 1,600ರ ಟ್ಯಾಗ್ ಹಾಕಿದ್ದರು. ದೀಪಾವಳಿಯಲ್ಲಿ ಒಂದಷ್ಟು ಹೋದವು. ಅಷ್ಟರಲ್ಲಿ ಬೇರೆ ಪ್ರಿಂಟ್ ಬಂತು, ಸಂಕ್ರಾಂತಿಗೆ ಯಾರೂ ಇದನ್ನು ಮುಟ್ಟಲಿಲ್ಲ. ಮಾರ್ಚ್‌ನಲ್ಲಿ ಪಕ್ಕದ ಅಂಗಡಿಯವರು ಇದೇ ಮಾಲನ್ನು, ಜಿಎಸ್‌ಟಿ ಬಿಟ್ಟು, 700ಕ್ಕೆ ಬಿಡುತ್ತಿದ್ದಾರೆ. ನಮ್ಮವರೂ ಅಷ್ಟಕ್ಕೇ ಬಿಡಬೇಕು. ಸೇಲ್ಸ್‌ಮನ್ ಕಮಿಷನ್ ನೂರಕ್ಕೆ 5ರಂತೆ 35 ರೂಪಾಯಿ. ಮಡಿಕೆ ಕಪ್ಪಾದ ಸೀರೆಗೆ ಪಾಲಿಷ್ ಮಾಡಿಸಿ ಹೊಸ ಕವರ್ ಹಾಕಲು 25. ಉಳಿಯುವುದು 640. ಇದು ಗಿಟ್ಟುವ ಬೆಲೆ. ಅಸಲು 1,000, ಗಿಟ್ಟುವುದು 640, ಆದ್ದರಿಂದ ಬರೆಯಬೇಕಾದದ್ದು 640. 500 ಸೀರೆಗೆ 3,20,000. ಸ್ಟಾಕಿನ ಬೆಲೆ 5 ಲಕ್ಷದಿಂದ 1,80,000 ಇಳಿಯಿತು. ಅಂತಿಮ ಸರಕು 12.20 ಲಕ್ಷವಾಯಿತು, ನಿವ್ವಳ ಲಾಭ 6 ಲಕ್ಷದಿಂದ 4.20 ಲಕ್ಷಕ್ಕೆ ಬಂತು.

"ಇನ್ನೂ ಮಾರಿಲ್ಲ, ಆಗಲೇ ನಷ್ಟ ಯಾಕೆ? ಮುಂದಿನ ವರ್ಷ ಮಾರಿದಾಗ ತೋರಿಸಿದರಾಯಿತು" ಎನ್ನುವುದು ಅಂಗಡಿಯವರ ಸಹಜವಾದ ಆಕ್ಷೇಪ. ಹಾಗೇ ಮಾಡಿದರು ಎನ್ನೋಣ. ಈ ವರ್ಷ 6 ಲಕ್ಷ ಲಾಭ ತೋರಿಸಿ ಅದಕ್ಕೆ ತೆರಿಗೆ ಕಟ್ಟಿದರು, ಪಾಲುದಾರರಿಬ್ಬರೂ ತಲಾ 3 ಲಕ್ಷ ತಮ್ಮ ಖಾತೆಗೆ ಜಮಾ ಮಾಡಿಕೊಂಡರು. ಏಪ್ರಿಲ್ ಒಂದರಂದು ಒಬ್ಬರು ವಯಸ್ಸಾಯಿತೆಂದು ಪಾಲು ಬಿಟ್ಟು ತಮ್ಮ ಹಣ ತೆಗೆದುಕೊಂಡು ಹೋದರು. ಮೇ ತಿಂಗಳಲ್ಲಿ ಉಳಿದವರು ಆ 500 ಸೀರೆಯನ್ನು 700ರಂತೆ ಖಾಲಿ ಮಾಡಿದರು. ಬಂದದ್ದು ಮೂರೂವರೆ ಲಕ್ಷ, ಖರ್ಚು 30 ಸಾವಿರ, ಕೈಗುಳಿದದ್ದು 3.20 ಲಕ್ಷ. ಪುಸ್ತಕದಲ್ಲಿ ಅದರ ಅಸಲು 5 ಲಕ್ಷ. ಹೊಸ ವರ್ಷದ ಲೆಕ್ಕಕ್ಕೆ 1.80 ಲಕ್ಷದ ನಷ್ಟ ಪೂರ್ತಿಯಾಗಿ ಬಂದು ಬಿತ್ತು. ಸೀರೆ ಕೊಂಡದ್ದು ಹಳೆಯ ವರ್ಷ, ಡಿಸೈನ್ ಬಿದ್ದದ್ದು ಹಳೆಯ ವರ್ಷ, ಆ ಖರೀದಿಯ ತೀರ್ಮಾನದಲ್ಲಿ ಇಬ್ಬರೂ ಇದ್ದರು. ಆದರೆ ಹೋದವರು ತಮ್ಮ ಪಾಲಿನ ನಷ್ಟವಾದ 90 ಸಾವಿರವನ್ನು ಲಾಭದ ಹೆಸರಿನಲ್ಲಿ ಒಯ್ದರು, ಉಳಿದವರು ಅದನ್ನೂ ಹೊತ್ತರು.

ಮಾರಾಟದವರೆಗೆ ಕಾದರೆ ಒಟ್ಟು ನಷ್ಟದಲ್ಲಿ ಬದಲಾವಣೆಯೇನೂ ಇಲ್ಲ, ಅದು ಯಾವ ವರ್ಷದ ತಲೆಗೆ, ಯಾರ ತಲೆಗೆ ಎಂಬುದಷ್ಟೇ ಬದಲಾಗುತ್ತದೆ. ಸರಕು ಒಂದು ಆಸ್ತಿ. ನಾಳೆ ಹಣವಾಗುತ್ತದೆ ಎಂಬ ಕಾರಣಕ್ಕೆ ಅದಕ್ಕೆ ಆಸ್ತಿಯ ಪಟ್ಟಿಯಲ್ಲಿ ಜಾಗ. ಮುಂದಿನ ವರ್ಷಕ್ಕೆ ಹೊತ್ತೊಯ್ಯುವ 1,000ದಲ್ಲಿ 640 ಮಾತ್ರ ಹಣವಾಗುವುದಿದ್ದರೆ ಮಿಕ್ಕ 360 ಆಸ್ತಿಯೇ ಅಲ್ಲ, ಈಗಾಗಲೇ ಕಳೆದುಹೋದದ್ದು. ಅದನ್ನು ಪಟ್ಟಿಯಲ್ಲಿ ಉಳಿಸಿಕೊಂಡರೆ ಸಾಲ ಕೊಟ್ಟವರಿಗೂ ಪಾಲುದಾರರಿಗೂ ಇಲ್ಲದ ವಸ್ತುವನ್ನು ತೋರಿಸಿದಂತೆ. ಈ ನಿಯಮವನ್ನು ಲೆಕ್ಕಿಗರ ಅಂಜುಬುರುಕುತನ ಎಂದು ಹಾಸ್ಯ ಮಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಎಚ್ಚರಿಕೆಗಿಂತ ಹೆಚ್ಚಾಗಿ ಇರುವುದು ವರ್ಷ ವರ್ಷಗಳ ನಡುವಿನ ನ್ಯಾಯ.

ಹಾಗಾದರೆ ನ್ಯಾಯ ಒಂದೇ ಬದಿಗೆ ಏಕೆ ವಾಲುತ್ತದೆ? ಇಳಕಲ್ ಸೀರೆಯ ಅಸಲು 2,000, ಅದು 2,800ಕ್ಕೆ ನಿಸ್ಸಂಶಯವಾಗಿ ಹೋಗುತ್ತದೆ. ಬಿದ್ದದ್ದನ್ನು ಇಳಿಸುವುದಾದರೆ ಏರಿದ್ದನ್ನು ಏರಿಸಬಾರದೇ?

ಸುಪ್ರೀಂ ಕೋರ್ಟಿನ ಮುಂದೆ 1953ರಲ್ಲಿ ಬಂದ ಚೈನ್‌ರೂಪ್ ಸಂಪತ್‌ರಾಮ್ ಪ್ರಕರಣ ಇದಕ್ಕೆ ಹತ್ತಿರದ್ದು. ಕಲ್ಕತ್ತೆಯಲ್ಲಿ ಬೆಳ್ಳಿ ವ್ಯಾಪಾರ ಮಾಡುತ್ತಿದ್ದ ಆ ಪಾಲುದಾರಿಕೆ ಸಂಸ್ಥೆ ಒಂದಷ್ಟು ಬೆಳ್ಳಿ ಗಟ್ಟಿಗಳನ್ನು ಆಗ ದೇಶೀಯ ಸಂಸ್ಥಾನವಾಗಿದ್ದ ಬಿಕಾನೇರಿಗೆ ಸಾಗಿಸಿತ್ತು. ಮಾರಾಟವಾಗದ ಆ ಬೆಳ್ಳಿ ಬಿಕಾನೇರಿನಲ್ಲಿರುವುದರಿಂದ, ಅದರ ಮೌಲ್ಯಮಾಪನದಿಂದ ಬಂದ ಲಾಭವೂ ಅಲ್ಲಿಯೇ ಹುಟ್ಟಿತು ಎಂಬುದು ಸಂಸ್ಥೆಯ ವಾದದ ತಿರುಳು. ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಯವರ ತೀರ್ಪು ಆ ತಿಳಿವಳಿಕೆಯನ್ನೇ ತಳ್ಳಿಹಾಕಿತು. ಸ್ಟಾಕಿಗೆ ಬೆಲೆ ಕಟ್ಟುವುದರಿಂದ ಲಾಭ ಹುಟ್ಟುವುದಿಲ್ಲ. ಮಾರದೆ ಉಳಿದ ಸರಕಿನ ಖರೀದಿ ವೆಚ್ಚ ಖರ್ಚಿನ ಬದಿಯಲ್ಲಿ ಈಗಾಗಲೇ ಬಿದ್ದಿದೆ, ಅದನ್ನು ಸರಿದೂಗಿಸಿ ಮಾರಿದ ಸರಕಿನ ಲಾಭವನ್ನಷ್ಟೇ ಉಳಿಸಿಕೊಳ್ಳಲು ಜಮಾ ಬದಿಗೆ ಬರೆಯುತ್ತೇವೆ, ಅಷ್ಟೆ. ಬೆಲೆ ಬಿದ್ದಾಗ ಮುಂಬರುವ ನಷ್ಟವನ್ನು ಗಣನೆಗೆ ತೆಗೆದುಕೊಳ್ಳಬಹುದು, ಆದರೆ ಬೆಲೆ ಏರಿತೆಂದು ಕೈಗೆ ಬಾರದ ಲಾಭವನ್ನು ತೋರಿಸಲು ವಿವೇಕಿಯಾದ ವ್ಯಾಪಾರಿ ಒಪ್ಪುವುದಿಲ್ಲ ಎಂಬ ವಿವರಣೆಯೂ ಆ ತೀರ್ಪಿನಲ್ಲಿ ಬರುತ್ತದೆ. ಇಂದಿಗೂ ಸ್ಟಾಕಿನ ವ್ಯಾಜ್ಯಗಳಲ್ಲಿ ವಕೀಲರು ಆ ಪುಟಗಳನ್ನು ತೆರೆಯುತ್ತಾರೆ.

ಖರ್ಚಿಗೆ ಎದುರಾಗಿ ಬರೆಯುವ ಅಂಕಿ ಇದಾದ್ದರಿಂದ, ಆ ಖರ್ಚನ್ನು ಮೀರಿ ಬರೆಯಲು ಆಧಾರವಿಲ್ಲ. ಇಳಕಲ್ ಸೀರೆಯ ಮೇಲಿನ 800 ರೂಪಾಯಿ ಯಾರೋ ಗಿರಾಕಿ ಕೌಂಟರಿನಲ್ಲಿ ಹಣ ಎಣಿಸಿದ ದಿನ, ಅಥವಾ ಉದ್ರಿ ಬಿಲ್ ಹಾಕಿಸಿಕೊಂಡ ದಿನ ಹುಟ್ಟುತ್ತದೆ. ಅಲ್ಲಿಯವರೆಗೆ ಅದಕ್ಕೆ ಎದುರು ಪಕ್ಷವೇ ಇಲ್ಲ. ಅದನ್ನು ಮುಂಚೆಯೇ ಬರೆದರೆ ಬಾರದ ಹಣಕ್ಕೆ ತೆರಿಗೆ ಕಟ್ಟಬೇಕು, ಬಾರದ ಹಣವನ್ನು ಹಂಚಬೇಕು. ಇಳಿಕೆಯ ಕಡೆ ಹಾಗಲ್ಲ, ಆ ಸಾವಿರ ರೂಪಾಯಿ ಕೈಬಿಟ್ಟು ಹೋಗಿಯಾಗಿದೆ. ವಾಪಸು ಬರುವುದು ಎಷ್ಟು ಎಂಬುದಷ್ಟೇ ಪ್ರಶ್ನೆ.

ಲೆಕ್ಕ ಬಲ್ಲವರೂ ಎಡವುವ ಜಾಗ ಒಂದಿದೆ. ಅದು ಒಟ್ಟು ಹಾಕಿ ಹೋಲಿಸುವುದು. ನಮ್ಮ ಅಂಗಡಿಯಲ್ಲೇ ನೋಡಿ. ಇಳಕಲ್ ಸೀರೆ 2,800ಕ್ಕೆ ಮಾರಿ ಕಮಿಷನ್ 140 ಕಳೆದರೆ 2,660, ಇನ್ನೂರಕ್ಕೆ 5,32,000. ರೇಷ್ಮೆ ಸೀರೆ 13,000ಕ್ಕೆ ಮಾರಿ 650 ಕಳೆದರೆ 12,350, ಐವತ್ತಕ್ಕೆ 6,17,500. ಫ್ಯಾನ್ಸಿಯ 3,20,000 ಸೇರಿಸಿದರೆ ಇಡೀ ಅಂಗಡಿಯ ಗಿಟ್ಟುವ ಬೆಲೆ 14,69,500. ಅಸಲು 14 ಲಕ್ಷ. ಒಟ್ಟಿನಲ್ಲಿ ಅಸಲೇ ಕಡಿಮೆ, ಹಾಗಾಗಿ ಒಂದು ರೂಪಾಯಿಯನ್ನೂ ಇಳಿಸಬೇಕಿಲ್ಲ! ಫ್ಯಾನ್ಸಿ ಸೀರೆಯ 1.80 ಲಕ್ಷದ ನಷ್ಟ ಹೀಗೆ ಮಾಯವಾಯಿತು. ಅದನ್ನು ಮುಚ್ಚಿದ್ದು ಇಳಕಲ್ ಮತ್ತು ರೇಷ್ಮೆಯ ಇನ್ನೂ ಬಾರದ ಲಾಭ. ಮುಂಬಾಗಿಲಿನಿಂದ ಬಿಟ್ಟುಕೊಳ್ಳದ ಲಾಭವನ್ನು ಹಿತ್ತಿಲಿನಿಂದ ಕರೆದಂತಾಯಿತು. ಆದ್ದರಿಂದ ಹೋಲಿಕೆಯನ್ನು ಬಗೆ ಬಗೆಯಾಗಿ ಮಾಡಬೇಕೆಂದು ಮಾನದಂಡ ಹೇಳುತ್ತದೆ. ಒಂದೇ ಉಪಯೋಗದ, ಒಂದೇ ಕಡೆ ಮಾರುವ, ಬಿಡಿಸಿ ನೋಡಲಾಗದ ಸರಕನ್ನು ಒಂದು ಗುಂಪಾಗಿ ನೋಡಬಹುದು. ಒಂದೇ ಡಿಸೈನಿನ ಐದು ಬಣ್ಣಗಳು ಒಂದು ಗುಂಪಾಗಬಹುದು. "ಸೀರೆಗಳು" ಎಂಬುದು ಗುಂಪಾಗುವುದಿಲ್ಲ.

ಒಂದೇ ಬಗೆಯೊಳಗೂ ಕೆಲವೊಮ್ಮೆ ಬಿಡಿಸಬೇಕಾಗುತ್ತದೆ. ಆ 500ರಲ್ಲಿ 100 ಸೀರೆಯನ್ನು ಒಂದು ಕಲ್ಯಾಣ ಮಂಟಪದವರು ತಮ್ಮ ಹೆಣ್ಣು ಕೆಲಸಗಾರರ ಸಮವಸ್ತ್ರಕ್ಕೆಂದು 1,100ರಂತೆ ಖಚಿತವಾಗಿ ಆರ್ಡರ್ ಕೊಟ್ಟಿದ್ದರೆ, ಆ ನೂರಕ್ಕೆ ನೋಡಬೇಕಾದದ್ದು ಪೇಟೆಯ 700 ಅಲ್ಲ, ಒಪ್ಪಂದದ 1,100. ಖರ್ಚು ಕಳೆದರೂ ಅದು ಅಸಲಿಗಿಂತ ಹೆಚ್ಚು, ಹಾಗಾಗಿ ಅವು 1,000ದಲ್ಲೇ ಉಳಿಯುತ್ತವೆ. ಮಿಕ್ಕ 400 ಮಾತ್ರ 640ಕ್ಕೆ ಇಳಿಯುತ್ತವೆ.

ಗಿಟ್ಟುವ ಬೆಲೆ ಎಂದರೆ ನಾವು ಮಾರಿದರೆ ಬರುವುದು, ನಾವು ಹೊಸದಾಗಿ ಕೊಂಡರೆ ಕೊಡಬೇಕಾದದ್ದಲ್ಲ. ಸೂರತ್ತಿನ ಸಗಟು ವ್ಯಾಪಾರಿ ಅದೇ ಮಾಲಿಗೆ ಈಗ 850 ಹೇಳುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ನಮ್ಮ ಸ್ಟಾಕ್ ಇಳಿಸುವಂತಿಲ್ಲ. ನಮ್ಮ ಗಿರಾಕಿ ಇನ್ನೂ 1,400 ಕೊಡುತ್ತಿದ್ದರೆ ನಮಗೆ ನಷ್ಟವೆಲ್ಲಿದೆ? ಅಮೆರಿಕದಲ್ಲಿ ಬಹಳ ಕಾಲ ಹೊಸದಾಗಿ ಕೊಳ್ಳುವ ಬೆಲೆಯನ್ನು ನಡುವಿಟ್ಟುಕೊಂಡು, ಅದಕ್ಕೊಂದು ಮೇಲಿನ ಮಿತಿ, ಒಂದು ಕೆಳಗಿನ ಮಿತಿ ಹಾಕಿ ತೊಡಕಾದ ಲೆಕ್ಕ ಮಾಡುತ್ತಿದ್ದರು. ಹೆಚ್ಚಿನ ಸರಕಿನ ಮಟ್ಟಿಗೆ 2015ರ ತಿದ್ದುಪಡಿಯಲ್ಲಿ ಅವರೂ ಗಿಟ್ಟುವ ಬೆಲೆಯ ದಾರಿಗೆ ಬಂದರು.

ಹೊಸ ಖರೀದಿಯ ಬೆಲೆಗೆ ಕೆಲಸವಿರುವುದು ಬೇರೊಂದು ಜಾಗದಲ್ಲಿ, ಕಚ್ಚಾ ಮಾಲಿನ ಲೆಕ್ಕದಲ್ಲಿ. ಅಂಗಡಿ ಬಿಟ್ಟು ಮಗ್ಗದ ಮನೆಗೆ ಬರೋಣ. ನೇಕಾರರೊಬ್ಬರ ಬಳಿ 30 ಕಿಲೋ ರೇಷ್ಮೆ ನೂಲು ಉಳಿದಿದೆ, ಕಿಲೋಗೆ 5,000ದಂತೆ ಕೊಂಡದ್ದು, ಒಟ್ಟು ಒಂದೂವರೆ ಲಕ್ಷ. ಮಾರ್ಚ್ ಕೊನೆಗೆ ನೂಲಿನ ಬೆಲೆ 4,400ಕ್ಕೆ ಬಿದ್ದಿದೆ. ನೂಲನ್ನು ನೂಲಾಗಿಯೇ ಮಾರಿದರೆ ನಷ್ಟ ಖಂಡಿತ. ಆದರೆ ಅವರು ನೂಲು ಮಾರುವವರಲ್ಲ, ಸೀರೆ ಮಾರುವವರು. ಒಂದು ಸೀರೆಗೆ ಅರ್ಧ ಕಿಲೋ ನೂಲು, ಅಂದರೆ 2,500. ಜರಿ, ಬಣ್ಣ, ಕೂಲಿ ಸೇರಿ ಇನ್ನೂ 3,000. ಸೀರೆ ಕೆಳಗಿಳಿದಾಗ ಅಸಲು 5,500. ಮಾರುವ ಖರ್ಚು ಕಳೆದು ಆ ಸೀರೆಗೆ 6,000 ಬರುವುದಿದ್ದರೆ ನೂಲಿಗೆ ಕೊಟ್ಟ 5,000ವೂ ಪೂರ್ತಿ ವಾಪಸು ಬರುತ್ತದೆ. ಆದ್ದರಿಂದ ನೂಲಿನ ಪೇಟೆ ಬಿದ್ದಿದ್ದರೂ ಅದನ್ನು 5,000ದಲ್ಲೇ ಬರೆಯಬೇಕು, ಇಳಿಸುವಂತಿಲ್ಲ.

ನೂಲು ಇಳಿದ ಸುದ್ದಿ ಸೀರೆ ಕೊಳ್ಳುವ ವ್ಯಾಪಾರಿಗೂ ಮುಟ್ಟಿ, ಅವನು ಸೀರೆಗೆ ಕೊಡುವುದನ್ನೂ ಇಳಿಸಿ, ಖರ್ಚು ಕಳೆದು 5,200 ಮಾತ್ರ ಕೈಗೆ ಬರುವುದಿದ್ದರೆ ಮಾತು ಬೇರೆ. ಈಗ ಸೀರೆಯ ಅಸಲಾದ 5,500 ಹುಟ್ಟುವುದಿಲ್ಲ. ಆಗ ನೂಲನ್ನು ಇಳಿಸಬೇಕು. ಎಷ್ಟಕ್ಕೆ? ಇಂಥಲ್ಲಿ ಹೊಸದಾಗಿ ಕೊಳ್ಳುವ ಬೆಲೆಯನ್ನು ಅಳತೆಯಾಗಿ ಬಳಸಬಹುದೆಂದು ಮಾನದಂಡ ಹೇಳುತ್ತದೆ. ಕಿಲೋಗೆ 4,400ರಂತೆ 30 ಕಿಲೋಗೆ 1,32,000. ಇಳಿಕೆ 18 ಸಾವಿರ. ನಮ್ಮ ಅಂಕಿಗಳಲ್ಲಿ ಹಿಂದಿನಿಂದ ಲೆಕ್ಕ ಹಾಕಿದರೂ ಇದೇ ಬರುತ್ತದೆ. ಸೀರೆಯ 5,200ರಲ್ಲಿ ಇನ್ನೂ ಮಾಡಬೇಕಾದ 3,000 ಖರ್ಚು ಕಳೆದರೆ ಅರ್ಧ ಕಿಲೋ ನೂಲಿಗೆ ಉಳಿಯುವುದು 2,200. ಎಲ್ಲ ಸಲ ಎರಡೂ ಹೀಗೆ ಕೂಡಿಬರುವುದಿಲ್ಲ. ಇನ್ನು ಮಗ್ಗದ ಮೇಲೆ ಅರ್ಧ ನೇಯ್ದು ನಿಂತಿರುವ ಸೀರೆಗೆ, ಮಾರುವ ಬೆಲೆಯಲ್ಲಿ ಮಾರುವ ಖರ್ಚಿನ ಜೊತೆಗೆ ಅದನ್ನು ಮುಗಿಸುವ ಖರ್ಚನ್ನೂ ಕಳೆಯಬೇಕು. ಅದನ್ನು ಮರೆಯುವವರು ಬಹಳ.

ಇಷ್ಟೆಲ್ಲ ಲೆಕ್ಕದ ಹೊರೆ ಹೊತ್ತಿರುವುದು ಒಂದು ಅಂದಾಜು. 700ಕ್ಕೆ ಹೋಗುತ್ತದೆ ಎಂದು ಮಾರ್ಚ್ 31ರಂದು ಹೇಗೆ ಗೊತ್ತು? ಇಲ್ಲಿ ಸಮಯವೇ ಸಹಾಯಕ್ಕೆ ಬರುತ್ತದೆ. ಲೆಕ್ಕ ಮುಗಿಸಿ ಸಹಿ ಹಾಕುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿರುತ್ತವೆ. ಏಪ್ರಿಲ್, ಮೇ ತಿಂಗಳ ಬಿಲ್ಲುಗಳೇ ಒಳ್ಳೆಯ ಸಾಕ್ಷಿ. ಅಲ್ಲಿ 700 ಎಂದಿದ್ದರೆ ಅಂದಾಜು ಗಟ್ಟಿಯಾಯಿತು, 900 ಎಂದಿದ್ದರೆ ಮತ್ತೆ ನೋಡಬೇಕು. ಒಂದು ಎಚ್ಚರ ಬೇಕು: ಆ ಬಿಲ್ಲುಗಳು ಮಾರ್ಚ್ 31ರಂದೇ ಇದ್ದ ಪರಿಸ್ಥಿತಿಯನ್ನು ತೋರಿಸುತ್ತಿರಬೇಕು. ಏಪ್ರಿಲ್ 20ರ ಮಳೆಗೆ ಗೋಡೌನಿಗೆ ನೀರು ನುಗ್ಗಿ ರೇಷ್ಮೆ ಸೀರೆ ಕಲೆಯಾದರೆ ಆ ನಷ್ಟ ಹೊಸ ವರ್ಷದ್ದು. ಮಾರ್ಚ್ 31ರಂದು ಆ ಸೀರೆಗಳು ಚೆನ್ನಾಗಿಯೇ ಇದ್ದವು.

ಬಿಲ್ಲಿನ ಸಾಕ್ಷಿ ಹುಡುಕುವ ಬದಲು ಕೆಲವರು ಸುಲಭದ ಸೂತ್ರ ಹಿಡಿಯುತ್ತಾರೆ. ಒಂದು ವರ್ಷ ಹಳೆಯದಾದರೆ ಅರ್ಧ ಬೆಲೆ, ಎರಡು ವರ್ಷವಾದರೆ ಸೊನ್ನೆ. ಎಲ್ಲಿ ಹುಡುಕಬೇಕೆಂದು ತಿಳಿಯಲು ಇದು ಒಳ್ಳೆಯದು, ಉತ್ತರವಾಗಿ ಮಾತ್ರ ಸಾಲದು. ಹಳೆಯ ಫ್ಯಾನ್ಸಿ ಸೀರೆ ಸತ್ತ ಮಾಲು, ಹಳೆಯ ಇಳಕಲ್ ಸೀರೆಗೆ ಹಾಗೇನೂ ಇಲ್ಲ. ತೆರಿಗೆ ಅಧಿಕಾರಿ "ಈ ಅರ್ಧಕ್ಕೆ ಆಧಾರವೇನು?" ಎಂದು ಕೇಳಿದಾಗ ತೋರಿಸಲು ರಿಯಾಯಿತಿ ಮಾರಾಟದ ಬಿಲ್ಲೋ, ವ್ಯಾಪಾರಿಯೊಬ್ಬರು ಹೇಳಿದ ದರದ ಪತ್ರವೋ ಇಲ್ಲದಿದ್ದರೆ ಆ ಇಳಿಕೆ ನಿಲ್ಲುವುದು ಕಷ್ಟ.

ಟ್ಯಾಗ್ ನೋಡಿ ಅಸಲು ತೆಗೆಯುವ ಅಭ್ಯಾಸದಲ್ಲೂ ಒಂದು ಹಳ್ಳವಿದೆ. ಸಾವಿರಾರು ಬಗೆಯಿರುವ ಅಂಗಡಿಯಲ್ಲಿ ಪ್ರತಿಯೊಂದರ ಖರೀದಿ ಬಿಲ್ ಹುಡುಕುವುದು ಆಗದ ಮಾತು. ಅದಕ್ಕೆ ಟ್ಯಾಗಿನ ಬೆಲೆಯಲ್ಲಿ ಮಾಮೂಲಿ ಮಾರ್ಜಿನ್ ಕಳೆದು ಅಸಲು ತೆಗೆಯುತ್ತಾರೆ, ಮಾನದಂಡವೂ ಅದನ್ನು ಒಪ್ಪುತ್ತದೆ. 1,600ರಲ್ಲಿ ಶೇ 37.5 ಕಳೆದರೆ 1,000, ಸರಿ. ಆದರೆ ಅದೇ ಸೀರೆಗೆ ರಿಯಾಯಿತಿಯಲ್ಲಿ 700ರ ಹೊಸ ಟ್ಯಾಗ್ ಹಚ್ಚಿದ ಮೇಲೂ ಕಂಪ್ಯೂಟರ್ ಅದೇ ಶೇ 37.5 ಕಳೆದರೆ 437 ರೂಪಾಯಿ 50 ಪೈಸೆ ಎನ್ನುತ್ತದೆ. ಅದು ಅಸಲೂ ಅಲ್ಲ, ಗಿಟ್ಟುವ ಬೆಲೆಯೂ ಅಲ್ಲ. 640 ಬರೆಯಬೇಕಾದಲ್ಲಿ 437 ಬರೆದು ಐನೂರು ಸೀರೆಗೆ ಒಂದು ಲಕ್ಷಕ್ಕೂ ಹೆಚ್ಚು ಲಾಭವನ್ನು ಮುಂದಿನ ವರ್ಷಕ್ಕೆ ತಳ್ಳಿದಂತಾಯಿತು. ಬೇಕಾಗಿಯೇ ಹೀಗೆ ಮಾಡುವವರೂ ಇದ್ದಾರೆ. ಗಿಟ್ಟುವುದಕ್ಕಿಂತ ಹೆಚ್ಚು ಬರೆಯಬಾರದು ಎಂಬ ನಿಯಮ, ಎಷ್ಟು ಬೇಕಾದರೂ ಕಡಿಮೆ ಬರೆಯಲು ಪರವಾನಗಿ ಅಲ್ಲ.

ಸುಳ್ಳು ಎರಡೂ ದಿಕ್ಕಿಗೆ ಓಡುವುದು ಬ್ಯಾಂಕಿನ ವಿಷಯದಲ್ಲಿ. ಸ್ಟಾಕಿನ ಮೇಲೆ ಸಾಲ ಪಡೆದವರು ಬ್ಯಾಂಕಿಗೆ ಆಗಾಗ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಶೇ 25 ಮಾರ್ಜಿನ್ ಎಂದರೆ, ಬೇರೆ ಬಾಕಿಗಳ ಮಾತು ಬಿಟ್ಟರೆ, 14 ಲಕ್ಷದ ಸ್ಟಾಕಿನ ಮೇಲೆ 10.50 ಲಕ್ಷ ಎತ್ತಬಹುದು. 12.20 ಲಕ್ಷದ ಮೇಲೆ 9.15 ಲಕ್ಷ ಮಾತ್ರ. ಹಾಗಾಗಿ ಬ್ಯಾಂಕಿಗೆ ಹಿಗ್ಗಿಸಿ, ತೆರಿಗೆಗೆ ಕುಗ್ಗಿಸಿ ಬರೆಯುವ ಆಸೆ. ಎರಡು ಕಾಗದಗಳು ಒಂದೇ ಮೇಜಿನ ಮೇಲೆ ಬಂದ ದಿನ ತೆರಿಗೆ ಇಲಾಖೆ ನಡುವಿನ ಅಂತರವನ್ನು ಆದಾಯಕ್ಕೆ ಸೇರಿಸಲು ಹೊರಡುತ್ತದೆ. ಇಂಥ ವ್ಯಾಜ್ಯಗಳು ನ್ಯಾಯಮಂಡಳಿಗಳಲ್ಲಿ ಲೆಕ್ಕವಿಲ್ಲದಷ್ಟು ನಡೆದಿವೆ.

ಹೊರಗಿನವರಿಗೆ ಸುಳಿವು ಸಿಗುವುದು ಎಲ್ಲಿ? ಮಾರಾಟ ನಿಂತಲ್ಲೇ ನಿಂತಿದ್ದು ಸ್ಟಾಕ್ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಮೊದಲ ಅನುಮಾನ. ಇಡೀ ಊರಿನ ಪೇಟೆ ಮಂಕಾಗಿದ್ದ ವರ್ಷದಲ್ಲೂ ಇವರ ಒಟ್ಟು ಲಾಭದ ಶೇಕಡಾವಾರು ಏರಿದ್ದರೆ ಎರಡನೆಯದು. ಆಮೇಲೆ ಕೇಳಬೇಕಾದದ್ದು ಒಂದೇ ಪಟ್ಟಿ: ದೀಪಾವಳಿಯಿಂದ ಈಚೆಗೆ ಒಂದೂ ಬಿಲ್ ಆಗದ ಬಗೆಗಳು ಯಾವುವು, ಅವುಗಳನ್ನು ಎಷ್ಟಕ್ಕೆ ಬರೆದಿದ್ದೀರಿ?

ಇಳಿಸಿ ಬರೆದದ್ದು ಶಾಶ್ವತವಲ್ಲ. ನಮ್ಮ ಅಂಗಡಿಯಲ್ಲಿ ಮುಂದಿನ ಮಾರ್ಚ್‌ಗೆ 640ರ ಲೆಕ್ಕದ 120 ಫ್ಯಾನ್ಸಿ ಸೀರೆಗಳು ಇನ್ನೂ ಉಳಿದಿವೆ ಎನ್ನೋಣ. ಅಷ್ಟರಲ್ಲಿ ಯಾವುದೋ ಧಾರಾವಾಹಿಯ ನಾಯಕಿ ಅದೇ ಪ್ರಿಂಟ್ ಉಟ್ಟು, ಮಾಲಿಗೆ ಮತ್ತೆ ಬೇಡಿಕೆ ಬಂದು, ಖರ್ಚು ಕಳೆದು 900 ಗಿಟ್ಟುವಂತಾಗಿದೆ. ಗಿಟ್ಟುವ ಬೆಲೆಯನ್ನು ಪ್ರತಿ ವರ್ಷ ಹೊಸದಾಗಿ ಅಂದಾಜು ಮಾಡಬೇಕು. ಪರಿಸ್ಥಿತಿ ಸುಧಾರಿಸಿದ್ದರೆ ಹಿಂದೆ ಇಳಿಸಿದ್ದನ್ನು ಮರಳಿ ಏರಿಸಬೇಕೆಂದು ಇಂಡ್ ಎಎಸ್-2 ಬಿಡಿಸಿಯೇ ಹೇಳುತ್ತದೆ. ಹಾಗಾಗಿ ಆ 120 ಸೀರೆ 900ಕ್ಕೆ ಏರುತ್ತವೆ, ಒಂದಕ್ಕೆ 260ರಂತೆ 31,200 ರೂಪಾಯಿ ಆ ವರ್ಷದ ಖರ್ಚಿನಲ್ಲಿ ಕಡಿಮೆಯಾಗುತ್ತದೆ. ಬೇಡಿಕೆ ಇನ್ನೂ ಜೋರಾಗಿ 1,300 ಗಿಟ್ಟುವಂತಿದ್ದರೆ ಏರಿಕೆ 1,000ಕ್ಕೆ ನಿಲ್ಲುತ್ತದೆ. ಮೇಲಿನ 300 ರೂಪಾಯಿ ಗಿರಾಕಿ ಬಂದು ಬಿಲ್ ಹಾಕಿಸುವವರೆಗೆ ಪುಸ್ತಕಕ್ಕೆ ಬರುವುದಿಲ್ಲ.